ಒಂದೇ ಸ್ಲೈಡು, ಎರಡು ಬಣ್ಣ

"ಗ್ರಾಮ್ ಸ್ಟೇನ್ ಮಾಡಿದ ಒಂದೇ ಸ್ಲೈಡಲ್ಲಿ ಸ್ಟ್ಯಾಫ್ ಬ್ಯಾಕ್ಟೀರಿಯಾ ಪರ್ಪಲ್, ಇ. ಕೋಲೈ ಬ್ಯಾಕ್ಟೀರಿಯಾ ಪಿಂಕ್ ಯಾಕೆ? ಎರಡಕ್ಕೂ ಅದೇ ಡೈ ತಾನೆ ಹಾಕಿದ್ದು?"

ಅಯೋಡಿನ್ ಹಾಕೋವರೆಗೂ ಎರಡೂ ಪರ್ಪಲ್ಲೇ ಇರ್ತವೆ, ಆಟ ಶುರುವಾಗೋದೇ ಆಲ್ಕೋಹಾಲ್ ಬಿದ್ದಾಗ. ಅಷ್ಟೊತ್ತಿಗೆ ಮೊದ್ಲು ಹಾಕಿದ ಪರ್ಪಲ್ ಡೈ ಕ್ರಿಸ್ಟಲ್ ವಯಲೆಟ್ ಅಯೋಡಿನ್ ಜೊತೆ ಸೇರಿ ಒಳಗೇ ದೊಡ್ಡ ಗಂಟಾಗಿರತ್ತೆ. ಸ್ಟ್ಯಾಫ್‌ದು ಸುಮಾರು 20-30 ನ್ಯಾನೋಮೀಟರ್ ದಪ್ಪದ ಪೆಪ್ಟಿಡೋಗ್ಲೈಕನ್ ಗೋಡೆ, ಆಲ್ಕೋಹಾಲ್ ಅದರ ನೀರೆಳೆದು ತೂತುಗಳು ಬಿಗಿಯಾಗ್ತವೆ, ಗಂಟು ಸುಲಭಕ್ಕೆ ಹೊರಗೆ ಬರಲ್ಲ. ಇ. ಕೋಲೈದು ಕೆಲವೇ ನ್ಯಾನೋಮೀಟರ್, ಮೇಲಿನ ಕೊಬ್ಬಿನ ಪೊರೆನೂ ಆಲ್ಕೋಹಾಲಿಗೆ ಹಾಳಾಗಿ ಡೈ ಸೋರಿಹೋಗತ್ತೆ, ಆಮೇಲೆ ಹಾಕೋ ಇನ್ನೊಂದು ಡೈ ಸಫ್ರಾನಿನ್ ಪಿಂಕ್ ಆಗಿ ಕಾಣತ್ತೆ. (ಸಫ್ರಾನಿನ್ ಸ್ಟ್ಯಾಫ್‌ಗೂ ಹತ್ತತ್ತೆ, ಪರ್ಪಲ್ ಮುಂದೆ ಕಾಣಲ್ಲ ಅಷ್ಟೆ.)

ಆಲ್ಕೋಹಾಲ್ ಜಾಸ್ತಿ ಹೊತ್ತು ಬಿಟ್ರೆ, ಇಲ್ಲಾ ಕಲ್ಚರ್ ಹಳೇದಾಗಿದ್ರೆ ಸ್ಟ್ಯಾಫೂ ಪಿಂಕ್ ಆಗತ್ತೆ, ನಂಗೇ ಆಗಿದೆ. ದ್ರಾಕ್ಷಿ ಗೊಂಚಲ ಥರ ದುಂಡಗಿರೋವು ಪಿಂಕ್ ಕಂಡ್ರೆ ಮೊದ್ಲು ಅದನ್ನೇ ಡೌಟ್ ಮಾಡಿ.