ಗೇಟು ದಾಟಿದ ಮಾಲು ಯಾರದು?

*ಸಂಪಾದಕರಿಗೆ ನಮಸ್ಕಾರ. ನಮ್ಮದು ತಿಪಟೂರಿನ ಹತ್ತಿರ ಒಂದು ಸಣ್ಣ ಡೆಸಿಕೇಟೆಡ್ ಪೌಡರ್, ಅಂದರೆ ಒಣ ತೆಂಗಿನಕಾಯಿ ಪುಡಿಯ ಫ್ಯಾಕ್ಟರಿ. ದುಬೈಗೆ ಹೋಗಬೇಕಿದ್ದ ನಮ್ಮ ಕಂಟೇನರ್ 2023ರ ನವೆಂಬರ್ 30ಕ್ಕೆ ಚೆನ್ನೈನ ಯಾರ್ಡ್ ಗೇಟು ದಾಟಿತು. ಕೊಂಡವರು ಹೇಳಿದ ಹಡಗು ಡಿಸೆಂಬರ್ 2ಕ್ಕೆ ಬರಬೇಕಿತ್ತು, ಬಂದದ್ದು 9ಕ್ಕೆ. ನಡುವೆ ಮಿಚಾಂಗ್ ಚಂಡಮಾರುತದ ಮಳೆ. ದುಬೈನಲ್ಲಿ ಬಾಗಿಲು ತೆಗೆದಾಗ ಕೆಳಸಾಲಿನ 70 ಚೀಲ ಬೂಸ್ಟು ಹಿಡಿದಿತ್ತು. ಕರಾರಿನಲ್ಲಿ ಎಫ್‌ಒಬಿ ಚೆನ್ನೈ, ಇನ್‌ಕೋಟರ್ಮ್ಸ್ 2020 ಅಂತ ಇದೆ, ಆದ್ದರಿಂದ ನಷ್ಟ ನಿಮ್ಮದೇ ಅಂತ ಹಣ ಹಿಡಿದಿದ್ದಾರೆ. ಹಡಗು ಅವರು ಗೊತ್ತು ಮಾಡಿದ್ದು, ಬಾಡಿಗೆ ಅವರದ್ದು. ನಷ್ಟ ಮಾತ್ರ ನಮ್ಮದಾ?*

*— ಒಬ್ಬ ಓದುಗರು, ತಿಪಟೂರು*

ನಿಮ್ಮ ಕಾಗದ ಓದಿ ನನಗೆ ಸಂಕಟವಾಯಿತು. ಸಿಟ್ಟೂ ಬಂತು. ಸಿಟ್ಟು ನಿಮ್ಮ ಮೇಲಲ್ಲ, ನಿಮ್ಮ ಕರಾರಿನಲ್ಲಿರುವ ಆ ಮೂರು ಅಕ್ಷರದ ಮೇಲೆ. ಎಫ್‌ಒಬಿ ಅಂತ ಬರೆದು ಕಂಟೇನರ್ ಕಳಿಸಬೇಡಿ ಅಂತ ಈ ಪುಟದಲ್ಲಿ ಹಿಂದೆಯೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಮೊದಲು ಕಹಿ ಮಾತು. ಇನ್‌ಕೋಟರ್ಮ್ಸ್ ಅಂದರೆ ಮಾರುವವರ, ಕೊಳ್ಳುವವರ ನಡುವೆ ಖರ್ಚು, ಹೊಣೆ ಹಂಚುವ ಅಂತರರಾಷ್ಟ್ರೀಯ ನಿಯಮಗಳು, ಎಫ್‌ಒಬಿ ಅದರಲ್ಲಿ ಒಂದು. ಎಫ್‌ಒಬಿ ಕರಾರಿನಲ್ಲಿ ಮಾಲು ಹಡಗಿನ ಮೇಲೆ ಇಳಿಯುವವರೆಗೆ ಹೊಣೆ ಮಾರುವವರದ್ದು. ಬಾಡಿಗೆ ಯಾರು ಕೊಡುತ್ತಾರೆ, ಹಡಗು ಯಾರು ಹುಡುಕಿದರು ಅನ್ನೋದರಿಂದ ಇದು ಬದಲಾಗುವುದಿಲ್ಲ. ಖರ್ಚು ಒಂದು ದಾರಿ, ಹೊಣೆ ಇನ್ನೊಂದು ದಾರಿ. ನಿಮ್ಮ ಕಂಟೇನರ್ ನವೆಂಬರ್ 30ರಿಂದ ಡಿಸೆಂಬರ್ 9ರವರೆಗೆ ಯಾರ್ಡಿನಲ್ಲಿ ನಿಂತಿತ್ತು. ನಿಮ್ಮ ಕೈಲಿ ಅದು ಇರಲಿಲ್ಲ, ಆದರೂ ಸಾಮಾನ್ಯ ನಿಯಮದ ಪ್ರಕಾರ ಆ ದಿನಗಳೆಲ್ಲ ನಿಮ್ಮ ಲೆಕ್ಕಕ್ಕೇ ಬೀಳುತ್ತವೆ. ಒಂದು ಎಳೆ ಮಾತ್ರ ನಿಮ್ಮ ಪರವಾಗಿದೆ. ಅದನ್ನು ಕೊನೆಗೆ ಹೇಳುತ್ತೇನೆ, ದಯವಿಟ್ಟು ಅಲ್ಲಿಯವರೆಗೆ ಓದಿ.

ನಾನು ಹುಡುಗನಾಗಿದ್ದಾಗ ನಮ್ಮಪ್ಪನ ಜೊತೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತಿದ್ದೆ. ತೂಕವಾಗಿ, ಚೀಟಿ ಬರೆದು, ಚೀಲ ಕೊಂಡವರ ಲಾರಿ ಹತ್ತುತ್ತಿದ್ದ ಹಾಗೇ ಅಪ್ಪ ಟವೆಲ್ಲು ಕೊಡವಿಕೊಂಡು ಕಾಫಿಗೆ ಹೊರಡುತ್ತಿದ್ದರು. ಆಮೇಲೆ ಲಾರಿ ಅರಸೀಕೆರೆ ರಸ್ತೆಯಲ್ಲಿ ಮಗುಚಿದರೂ ಅದು ಅಪ್ಪನ ಪಾಡಲ್ಲ. ಹಳೇ ಕಾಲದ ಎಫ್‌ಒಬಿಯೂ ಹಾಗೇ ಇತ್ತು. ಮಾರುವವರ ಗುಮಾಸ್ತ ಬಂದರಿನಲ್ಲೇ ನಿಂತಿರುತ್ತಿದ್ದ. ಮೂಟೆ ಹಡಗಿಗೆ ಏರುವುದನ್ನು ಕಣ್ಣಾರೆ ನೋಡುತ್ತಿದ್ದ. ಕೈಬಿಡುವ ಗಳಿಗೆಯೂ ಹೊಣೆ ದಾಟುವ ಗಳಿಗೆಯೂ ಹೆಚ್ಚು ಕಡಿಮೆ ಒಂದೇ ಆಗಿತ್ತು.

ಆಗಲೂ ಪೇಚಾಟ ಇರಲಿಲ್ಲ ಅಂತಲ್ಲ. 1954ರಲ್ಲಿ ಇಂಗ್ಲೆಂಡಿನ ಕೋರ್ಟಿನಲ್ಲಿ ತೀರ್ಮಾನವಾದ ಒಂದು ಕೇಸು ನನಗೆ ಬಾಯಿಪಾಠ. ಪೈರೀನ್ ಅನ್ನುವ ಕಂಪನಿ ನಮ್ಮ ಭಾರತ ಸರ್ಕಾರಕ್ಕೇ ಬೆಂಕಿ ನಂದಿಸುವ ವಾಹನಗಳನ್ನು ಎಫ್‌ಒಬಿ ಲಂಡನ್ ಅಂತ ಮಾರಿತ್ತು. ಹಡಗು ನಮ್ಮ ಸಿಂಧಿಯಾ ಕಂಪನಿಯದ್ದು. ಎತ್ತಿ ಹಾಕುವಾಗ ಒಂದು ವಾಹನ ಕೆಳಗೆ ಬಿತ್ತು. ಆಗಿನ ನಿಯಮದಲ್ಲಿ ಹಡಗಿನ ಅಂಚಿನ ಕಂಬಿ ದಾಟಿದರೆ ಹೊಣೆ ಕೊಂಡವರದ್ದು, ದಾಟದಿದ್ದರೆ ಮಾರಿದವರದ್ದು. ಇದು ದಾಟುವ ಮೊದಲೇ ಬಿದ್ದಿತ್ತು. ಹಡಗು ಗೊತ್ತು ಮಾಡಿದ್ದು ಕೊಂಡವರು, ಎತ್ತುತ್ತಿದ್ದದ್ದು ಹಡಗಿನವರು, ಆದರೆ ರಿಪೇರಿ ಖರ್ಚು ಮಾರಿದವರ ತಲೆಗೆ ಬಂತು. ಅವರು ಸುಮಾರು 966 ಪೌಂಡ್ ಕೊಡಿ ಅಂತ ಹಡಗಿನವರ ಮೇಲೆ ಕೇಸು ಹಾಕಿದರು. ಹಡಗಿನವರ ಜವಾಬ್ದಾರಿ 200 ಪೌಂಡಿಗೆ ಮಿತಿ ಅಂತ ಕೋರ್ಟು ಹೇಳಿತು. ಗಾಳಿಯಲ್ಲಿ ತೂಗಾಡುವ ಮಾಲಿನ ಜೊತೆ ಹೊಣೆಯೂ ಅತ್ತಿಂದಿತ್ತ ತೂಗಾಡುವುದನ್ನು ಆ ನ್ಯಾಯಾಧೀಶರೇ ಒಪ್ಪಲಿಲ್ಲ.

2010ರ ಇನ್‌ಕೋಟರ್ಮ್ಸ್‌ನಲ್ಲಿ ಆ ಕಂಬಿಯ ಗೆರೆ ತೆಗೆದು, ಮಾಲು ಹಡಗಿನ ಮೇಲೆ ಇಳಿದಾಗ ಅಂತ ಮಾಡಿದರು. ಒಳ್ಳೆಯದೇ. ಆದರೆ ಅಷ್ಟರಲ್ಲಿ ಇಡೀ ಲೋಕ ಕಂಟೇನರಿಗೆ ಬಂದಿತ್ತು. ನೀವು ಫ್ಯಾಕ್ಟರಿಯಲ್ಲಿ ಚೀಲ ತುಂಬಿ, ಬೋಲ್ಟ್ ಸೀಲ್ ಹಾಕಿ, ಟ್ರೇಲರ್ ಹತ್ತಿಸಿ ಕಳಿಸುತ್ತೀರಿ. ಯಾರ್ಡ್ ಗೇಟಿನಲ್ಲಿ ಒಂದು ರಸೀದಿ ಕೊಡುತ್ತಾರೆ. ಅಲ್ಲಿಂದಾಚೆ ಅದನ್ನು ಎಲ್ಲಿ ಇಟ್ಟರು, ಯಾವ ಸಾಲಿನಲ್ಲಿ ಇಟ್ಟರು, ನೀರು ನಿಲ್ಲುವ ತಗ್ಗಿನಲ್ಲಿ ಇಟ್ಟರಾ, ನಿಮಗೆ ಗೊತ್ತಾಗುವುದಿಲ್ಲ. ಹೋಗಿ ನೋಡುವ ಹಕ್ಕೂ ಇಲ್ಲ. ಕೈಬಿಟ್ಟ ಮೇಲೂ ಹೊಣೆ ಬಿಡದ ಈ ದಿನಗಳೇ ಸಣ್ಣ ವ್ಯಾಪಾರಿಗಳ ಕುತ್ತಿಗೆ ಹಿಡಿಯೋದು. ಇನ್‌ಕೋಟರ್ಮ್ಸ್ ಬರೆಯುವ ಪ್ಯಾರಿಸ್‌ನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯೇ ಹೇಳುತ್ತದೆ: ಹಡಗು ಬರುವ ಮೊದಲೇ ಯಾರ್ಡಿನಲ್ಲಿ ಒಪ್ಪಿಸುವ ಕಂಟೇನರಿಗೆ ಎಫ್‌ಒಬಿ ಹೊಂದುವುದಿಲ್ಲ, ಎಫ್‌ಸಿಎ ಬಳಸಿ ಅಂತ.

ಎಫ್‌ಸಿಎ ಅಂದರೆ ಇಷ್ಟೇ. ಕೊಂಡವರು ಗೊತ್ತು ಮಾಡಿದ ಸಾಗಣೆದಾರರಿಗೆ, ಕರಾರಿನಲ್ಲಿ ಬರೆದ ಜಾಗದಲ್ಲಿ ಒಪ್ಪಿಸಿದರೆ ನಿಮ್ಮ ಹೊಣೆ ಮುಗಿಯಿತು. ಜಾಗ ನಿಮ್ಮ ಫ್ಯಾಕ್ಟರಿಯೇ ಆದರೆ, ಅವರು ಕಳಿಸಿದ ಟ್ರೇಲರಿಗೆ ನೀವು ಲೋಡ್ ಮಾಡಿದಾಗ. ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋ ಆದ ಐಸಿಡಿಯೋ ಚೆನ್ನೈ ಯಾರ್ಡೋ ಆದರೆ, ನಿಮ್ಮ ಟ್ರೇಲರ್ ಅಲ್ಲಿಗೆ ಹೋಗಿ ಇಳಿಸಿಕೊಳ್ಳಲು ಸಿದ್ಧವಾಗಿ ನಿಂತಾಗ. ಇಳಿಸುವ ಕೆಲಸವೂ ನಿಮ್ಮದಲ್ಲ. ರಫ್ತಿನ ಕಸ್ಟಮ್ಸ್ ಕೆಲಸ ಮಾತ್ರ ನಿಮ್ಮದೇ. ನಿಮ್ಮ ಕರಾರಿನಲ್ಲಿ ಎಫ್‌ಸಿಎ ಅಂತ ಬರೆದು ಆ ಯಾರ್ಡಿನ ಪೂರ್ತಿ ಹೆಸರು ಹಾಕಿದ್ದರೆ, ನವೆಂಬರ್ 30ರ ಗೇಟ್ ರಸೀದಿ ತೋರಿಸಿ ನೀವು ಆರಾಮಾಗಿ ಇರಬಹುದಿತ್ತು. ಡಿಸೆಂಬರ್ 3, 4ರ ಮಳೆ ದುಬೈನವರ ಮಳೆಯಾಗುತ್ತಿತ್ತು.

ಎಫ್‌ಒಬಿ ಪರ ಮಾತಾಡುವವರದ್ದೂ ಒಂದು ಮಾತಿದೆ, ಅದನ್ನು ಒಪ್ಪುತ್ತೇನೆ. ಎಲ್‌ಸಿ, ಅಂದರೆ ಹಣಕ್ಕೆ ಬ್ಯಾಂಕು ಕೊಡುವ ಭರವಸೆ ಪತ್ರ, ಇದ್ದರೆ ಬ್ಯಾಂಕು ಸಾಮಾನ್ಯವಾಗಿ 'ಹಡಗಿಗೆ ಏರಿದೆ' ಅನ್ನುವ ಬಿಲ್ ಆಫ್ ಲೇಡಿಂಗ್, ಅಂದರೆ ಸಾಗಣೆದಾರರ ರಸೀದಿ ಕೇಳುತ್ತದೆ. ಎಫ್‌ಸಿಎಯಲ್ಲಿ ಐಸಿಡಿಯಲ್ಲಿ ಒಪ್ಪಿಸಿದವರಿಗೆ ಅದು ಹೇಗೆ ಸಿಗಬೇಕು? ನಿಜವಾದ ತೊಡಕು. ಆದರೆ 2020ರ ಆವೃತ್ತಿಯಲ್ಲಿ ಇದಕ್ಕೇ ದಾರಿ ಮಾಡಿದ್ದಾರೆ. ಲೋಡ್ ಆದ ಮೇಲೆ ಅಂಥ ಬಿಲ್ಲನ್ನು ಮಾರುವವರಿಗೆ ಕೊಡುವಂತೆ ಕೊಂಡವರು ಸಾಗಣೆದಾರರಿಗೆ ಹೇಳಬೇಕು ಅಂತ ಇಬ್ಬರೂ ಕರಾರಿನಲ್ಲಿ ಬರೆದುಕೊಳ್ಳಬಹುದು. ಬರೆಯದಿದ್ದರೆ ಅದು ತಾನಾಗಿ ಬರುವುದಿಲ್ಲ, ಅದನ್ನು ಮರೆಯಬೇಡಿ.

ಇನ್ನೊಂದು ನೆಪ ನಮ್ಮ ತುಮಕೂರಿನಲ್ಲಿ ಜಾಸ್ತಿ ಕೇಳುತ್ತೇನೆ. "ಕಸ್ಟಮ್ಸ್‌ಗೆ ಕೊಡೋ ಶಿಪ್ಪಿಂಗ್ ಬಿಲ್ಲಿನಲ್ಲಿ ಎಫ್‌ಒಬಿ ಬೆಲೆ ಕೇಳ್ತಾರೆ ಸಾರ್, ರಫ್ತಿನ ತೆರಿಗೆ ವಾಪಸು ಕೊಡೋ ಆರ್‌ಒಡಿಟಿಇಪಿ ಲೆಕ್ಕವೂ ಅದರ ಮೇಲೇ, ಬೇರೆ ಬರೆದರೆ ಸರ್ಕಾರ ಒಪ್ಪಲ್ಲ." ಇದು ತಪ್ಪು ತಿಳಿವಳಿಕೆ. ಅಲ್ಲಿ ಕೇಳುವುದು ಮಾಲಿನ ಬೆಲೆ ಲೆಕ್ಕ ಹಾಕುವ ಒಂದು ಅಳತೆ. ನಿಮ್ಮಿಬ್ಬರ ನಡುವೆ ಹೊಣೆ ಎಲ್ಲಿ ದಾಟುತ್ತದೆ ಅನ್ನೋದಕ್ಕೂ ಅದಕ್ಕೂ ಸಂಬಂಧವಿಲ್ಲ. ಕರಾರು ಎಫ್‌ಸಿಎ ಇದ್ದರೂ ಆ ಕಾಲಂ ತುಂಬಬಹುದು. ಕಳೆದ ವರ್ಷ ನಾನು ಗುಬ್ಬಿ ಕಡೆ ಒಂದು ಫ್ಯಾಕ್ಟರಿಗೆ ಹೋಗಿದ್ದಾಗ ಅವರ ಕಂಪ್ಯೂಟರಿನಲ್ಲಿ ಪ್ರೊಫಾರ್ಮಾ ತೆಗೆದು ತೋರಿಸಿದರು. ಹತ್ತು ವರ್ಷದ ಹಿಂದೆ ಯಾರೋ ಕೊಟ್ಟ ನಮೂನೆ. ಹೆಸರು, ತೂಕ, ದರ ಬದಲಾಗಿದೆ. ಎಫ್‌ಒಬಿ ಹಾಗೇ ಕೂತಿದೆ. ಯಾಕೆ ಅಂದರೆ ಮಾಲೀಕರಿಗೂ ಗೊತ್ತಿಲ್ಲ, ಗುಮಾಸ್ತರಿಗೂ ಗೊತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ರಫ್ತಿನ ತರಬೇತಿ ಅಂದರೆ ಲೈಸೆನ್ಸು ಹೇಗೆ, ಸಬ್ಸಿಡಿ ಎಷ್ಟು, ಅಷ್ಟೇ. ಹೊಣೆ ಎಲ್ಲಿ ದಾಟುತ್ತೆ ಅಂತ ಕನ್ನಡದಲ್ಲಿ ಕೂತು ಹೇಳುವವರನ್ನು ನಾನಂತೂ ನೋಡಿಲ್ಲ. ಕಾಯಿ ಸುಲಿಯುವವರಿಂದ ಹಿಡಿದು ಪುಡಿ ಒಣಗಿಸುವವರವರೆಗೆ ಅಷ್ಟು ಜನ ದುಡಿದ ಮಾಲು, ಅರ್ಥ ಗೊತ್ತಿಲ್ಲದ ಮೂರು ಅಕ್ಷರದಿಂದ ಹಾಳಾಗುವುದು ನನಗೆ ಸಹಿಸಲಾಗದ ಸಂಗತಿ.

ನಿಮಗೂ ಒಂದು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಎಫ್‌ಒಬಿಗೆ ಸಹಿ ಹಾಕಿದ ಮೇಲೆ ಹಡಗು ಹತ್ತುವವರೆಗೆ ವಿಮೆ ನೀವೇ ಮಾಡಿಸಬೇಕಿತ್ತು. ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ. ಕೊಂಡವರ ಪಾಲಿಸಿ ನಿಮ್ಮನ್ನು ಕಾಯುವುದಿಲ್ಲ. ನಿಮ್ಮದೊಂದು ಸಾಗಣೆ ಪಾಲಿಸಿ ಇದ್ದರೆ ಈಗಲೇ ತೆಗೆದು ಅದು ಎಲ್ಲಿಗೆ ಮುಗಿಯುತ್ತದೆ ನೋಡಿ. ಯಾರ್ಡಿನಲ್ಲಿ ಕಾಯುವ ದಿನಗಳು ಅದರಲ್ಲಿ ಸೇರಿದ್ದರೆ ಕ್ಲೇಮಿನ ದಾರಿ ಕೇಳಿ.

ನೀರು ಯಾವುದು ಅನ್ನೋದೂ ಮುಖ್ಯ. ದುಬೈನ ಸರ್ವೇ ವರದಿ ಇದ್ದರೆ ಸಿಲ್ವರ್ ನೈಟ್ರೇಟ್ ಪರೀಕ್ಷೆ ಮಾಡಿದ್ದಾರಾ ನೋಡಿ. ಒದ್ದೆಯಾದ ಚೀಲದ ಮೇಲೆ ಆ ದ್ರಾವಣದ ಹನಿ ಬಿದ್ದಾಗ ಹಾಲಿನಂತೆ ಬೆಳ್ಳಗಾದರೆ ಉಪ್ಪುನೀರು ಸೇರಿದೆ ಅಂತ, ಬಹುಶಃ ಸಮುದ್ರದ್ದು. ಹಾಗಿದ್ದರೆ ಹಡಗು ಹತ್ತಿದ ಮೇಲೆ ನೆನೆದಿರಬಹುದು, ಆಗ ಹೊಣೆ ಅವರದ್ದು. ಬೆಳ್ಳಗಾಗದಿದ್ದರೆ ಮಳೆನೀರಿನ ಕಡೆಗೆ ಬೆರಳು ತೋರುತ್ತದೆ. ಕಂಟೇನರಿನ ಒಳಗೋಡೆಯಲ್ಲಿ ನೀರು ನಿಂತ ಗೆರೆ, ಎಲ್ಲ ಕಡೆ ಒಂದೇ ಎತ್ತರದಲ್ಲಿದ್ದರೆ, ನಿಂತ ನೀರು ಕೆಳಗಿಂದ ಹೊಕ್ಕಿದೆ ಅಂತ. ಹಾಳಾದದ್ದು ಕೆಳಸಾಲೇ ಅಂತ ನೀವೂ ಬರೆದಿದ್ದೀರಿ, ಹಾಗಾಗಿ ನನಗೂ ಯಾರ್ಡಿನ ನೀರಿನದೇ ಅನುಮಾನ. ತೇವ ಶೇಕಡ 3ರೊಳಗೆ ಇರಬೇಕಾದ ಪುಡಿ ಅದು, ಸ್ವಲ್ಪ ನೀರು ಸಾಕು ಬೂಸ್ಟು ಹಿಡಿಯಲು, ಕಮಟು ವಾಸನೆ ಬರಲು.

ಈಗ ಆ ಎಳೆ. ಎಫ್‌ಒಬಿಯಲ್ಲೂ ಒಂದು ವಿನಾಯಿತಿ ಇದೆ. ಕೊಂಡವರು ಗೊತ್ತು ಮಾಡಿದ ಹಡಗು ಹೊತ್ತಿಗೆ ಸರಿಯಾಗಿ ಬರದಿದ್ದರೆ, ಕರಾರಿನಲ್ಲಿ ಒಪ್ಪಿದ ದಿನದಿಂದ ಹೊಣೆ ಅವರಿಗೆ ದಾಟುತ್ತದೆ. ಅಂಥ ದಿನ ಇಲ್ಲದಿದ್ದರೆ ಅವರೇ ಆರಿಸಿ ತಿಳಿಸಿದ ದಿನದಿಂದ. ಅದೂ ತಿಳಿಸದಿದ್ದರೆ ಒಪ್ಪಿದ ಅವಧಿ ಮುಗಿದ ದಿನದಿಂದ. ಆ ಮಾಲು ಇದೇ ಕರಾರಿನದು ಅಂತ ಸ್ಪಷ್ಟವಾಗಿರಬೇಕು ಅಷ್ಟೇ. ಸೀಲ್ ಮಾಡಿದ, ನಂಬರು ಇರುವ ನಿಮ್ಮ ಕಂಟೇನರಿಗೆ ಅದು ಕಷ್ಟವಲ್ಲ.

ಆದ್ದರಿಂದ ಹಳೇ ಮೇಲ್‌ಗಳನ್ನು ಹುಡುಕಿ. ದುಬೈನವರೋ ಅವರ ಏಜೆಂಟರೋ ಹಡಗಿನ ಹೆಸರು ಕೊಟ್ಟು, ಡಿಸೆಂಬರ್ 2ಕ್ಕೆ ಲೋಡ್ ಮಾಡಿ ಅಂತ ಬರೆದಿದ್ದರೆ, ಡಿಸೆಂಬರ್ 3ರ ಮಳೆ ಹೊಣೆ ದಾಟಿದ ಮೇಲೆ ಬಂದ ಮಳೆ ಅಂತ ನೀವು ವಾದಿಸಬಹುದು. ಸುಮ್ನೆ 'ಹಡಗು ಸುಮಾರು 2ಕ್ಕೆ ಬರಬಹುದು' ಅಂತ ಇದ್ದರೆ ವಾದ ಸೊರಗುತ್ತದೆ. ಕರಾರಿನಲ್ಲಿ 'ಡಿಸೆಂಬರ್ 10ರೊಳಗೆ' ಅಂತಷ್ಟೇ ಇದ್ದು ಬೇರೆ ದಿನ ಯಾರೂ ತಿಳಿಸದಿದ್ದರೆ ದಾರಿ ಇಲ್ಲ. ಹಡಗು ಬಂದಿಲ್ಲ ಅಂತ ನೀವು ಅವರಿಗೆ ಬರೆದು ತಿಳಿಸಿದ್ದೀರಾ ಅಂತಲೂ ನೋಡಿ, ಅದು ನಿಮ್ಮ ಕೆಲಸವಾಗಿತ್ತು. ಕರಾರು, ಆ ಮೇಲ್‌ಗಳು, ಗೇಟ್ ರಸೀದಿ, ಬಿಲ್ ಆಫ್ ಲೇಡಿಂಗ್, ಸರ್ವೇ ವರದಿ, ಇಷ್ಟನ್ನೂ ತಾರೀಕಿನ ಪ್ರಕಾರ ಜೋಡಿಸಿಕೊಂಡು ಹಡಗು ವ್ಯಾಪಾರ ಬಲ್ಲ ವಕೀಲರ ಹತ್ತಿರ ಹೋಗಿ. ತಡ ಮಾಡಬೇಡಿ, ಕಾಲಮಿತಿ ಓಡುತ್ತಿರುತ್ತದೆ.

ಮುಂದಿನ ಕಂಟೇನರಿಗೆ ದರ ಹೇಳುವಾಗ ಬಂದರಿನ ಹ್ಯಾಂಡ್ಲಿಂಗ್ ಖರ್ಚು ಕಳೆದು ಎಫ್‌ಸಿಎ ದರ ಹೇಳಿ. ಅವರಿಗೂ ಲೆಕ್ಕ ಸರಿಹೋಗುತ್ತದೆ, ಒಪ್ಪಿಸುವುದು ಸುಲಭ. ಆ ನವೆಂಬರ್ ತಿಂಗಳ ಮೇಲ್ ಸಿಕ್ಕಿದರೆ ನನಗೂ ಒಂದು ಪ್ರತಿ ಕಳಿಸಿ, ಒಟ್ಟಿಗೆ ಕೂತು ಓದೋಣ.

— ಸಂಪಾದಕ