ಗುಬ್ಬಚ್ಚಿಯೋ, ಮರಗುಬ್ಬಿಯೋ, ಹೆಣ್ಣು ಗೀಜಗವೋ?

ಪ್ರಶ್ನೆ: ದಾವಣಗೆರೆಯ ಸೂಳೆಕೆರೆ ಬಳಿಯ ಭತ್ತದ ಗದ್ದೆಯಲ್ಲಿ ತೆಗೆದ ಫೋಟೋಗಳಲ್ಲಿ ಕಂದು ಹಕ್ಕಿಗಳಿವೆ. ಇವು ಗುಬ್ಬಚ್ಚಿಯೋ, ಮರಗುಬ್ಬಿಯೋ, ಹೆಣ್ಣು ಗೀಜಗವೋ?

ಉತ್ತರ: ಮೊದಲು ಕೆನ್ನೆ ನೋಡಿ. ಮರಗುಬ್ಬಿಯ ಬಿಳಿ ಕೆನ್ನೆಯ ಮೇಲೆ ಕಪ್ಪು ಮಚ್ಚೆ ಇರುತ್ತದೆ, ನೆತ್ತಿ ಪೂರ್ತಿ ಕಂದುಗೆಂಪು. ಗಂಡು ಹೆಣ್ಣು ಎರಡೂ ಹೀಗೆಯೇ. ಭಾರತದಲ್ಲಿ ಅದು ಮುಖ್ಯವಾಗಿ ಹಿಮಾಲಯ, ಈಶಾನ್ಯ ಮತ್ತು ಪೂರ್ವಘಟ್ಟದ ಕೆಲವೆಡೆಯ ಹಕ್ಕಿ. ದಾವಣಗೆರೆಯಲ್ಲಿ ಮಚ್ಚೆ ಕಂಡಂತಾದರೆ ಅದು ನೆರಳಲ್ಲವೇ ಎಂದು ಮತ್ತೊಂದು ಫೋಟೋದಲ್ಲಿ ಪರೀಕ್ಷಿಸಿ.

ನಿಜವಾದ ಗೊಂದಲ ಹೆಣ್ಣು ಗುಬ್ಬಚ್ಚಿ ಮತ್ತು ಹೆಣ್ಣು ಗೀಜಗಗಳ ನಡುವೆ. ಎರಡಕ್ಕೂ ಕಣ್ಣಿನ ಮೇಲೆ ತಿಳಿ ಹುಬ್ಬು, ಬೆನ್ನಿನ ಮೇಲೆ ಕಪ್ಪು ಗೀರುಗಳಿರುವುದರಿಂದ ಬೆನ್ನನ್ನು ನೆಚ್ಚಬೇಡಿ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಕೊಕ್ಕನ್ನು ಹಿಗ್ಗಿಸಿ ನೋಡಿ. ಗೀಜಗದ್ದು ಬುಡದಲ್ಲಿ ದಪ್ಪನಾದ ಶಂಕು, ಬಾಲವೂ ಮೋಟು. ಗುಬ್ಬಚ್ಚಿಯ ಕೊಕ್ಕು ಅಷ್ಟು ಭಾರವಲ್ಲ, ಬಾಲ ಉದ್ದ, ಎದೆ ಗೀರಿಲ್ಲದ ಬೂದುಗಂದು.

ಕೊಕ್ಕು ದಪ್ಪವಾಗಿದ್ದರೆ ಎದೆಗೆ ಬನ್ನಿ. ಹಳದಿಗಂದು ಎದೆಯಲ್ಲಿ ಗೀರಿಲ್ಲದಿದ್ದರೆ ಅಥವಾ ಮಸುಕಾಗಿದ್ದರೆ ಸಾಮಾನ್ಯ ಗೀಜಗ. ಎದೆ, ಪಕ್ಕೆಗಳಲ್ಲಿ ಕಪ್ಪು ಗೀರುಗಳು ಎದ್ದು ಕಂಡರೆ ಜೊಂಡಿನಲ್ಲಿ ಗೂಡು ಕಟ್ಟುವ ಗೀರು ಗೀಜಗ. ಕೆರೆಯಂಚಿನಲ್ಲಿ ಇದನ್ನು ಮರೆಯುವವರೇ ಹೆಚ್ಚು. ಎದುರಿನಿಂದ ಮಾತ್ರ ತೆಗೆದ, ಮಸುಕಾದ ಫೋಟೋಗೆ ಹೆಸರಿಡಲು ಹೋಗಬೇಡಿ.