ನಿಮ್ಮ B ಯಾವಾಗಲೂ ನಿಲ್ಲುತ್ತದೆ

“ನಮಸ್ಕಾರ ಸರ್. ಲೀನಿಯರ್ ಬೌಂಡೆಡ್ ಆಟೊಮೇಟನ್, ಅಂದರೆ ಎಲ್‌ಬಿಎ ಬಗ್ಗೆ ಲೇಖನ ಕಳಿಸಿದ್ದೇನೆ. ಒಂದು ಎಲ್‌ಬಿಎ ಯಾವ ಸ್ಟ್ರಿಂಗನ್ನೂ ಒಪ್ಪುವುದಿಲ್ಲವೇ ಅಂತ ಹೇಳುವ ಅಲ್ಗಾರಿದಮ್ ಇರಲು ಸಾಧ್ಯವಿಲ್ಲ ಎಂದು ತೋರಿಸಿದ್ದೇನೆ. ಮುಖ್ಯ ವಾಕ್ಯ ಇದು: ‘B ಎಂಬ ಎಲ್‌ಬಿಎ, w ಎಂಬ ಸ್ಟ್ರಿಂಗ್ ಮೇಲೆ M ಎಂಬ ಟ್ಯೂರಿಂಗ್ ಯಂತ್ರವನ್ನು ಓಡಿಸುತ್ತದೆ. M ನಿಲ್ಲದಿದ್ದರೆ B ಕೂಡ ನಿಲ್ಲುವುದಿಲ್ಲ, ಆದ್ದರಿಂದ ಉತ್ತರ ಸಿಗುವುದಿಲ್ಲ.’ ಉದಾಹರಣೆಯೂ ಇದೆ. ಪ್ರಕಟಿಸಬಹುದಾ?”

ಈಗಿರುವ ಹಾಗೆ ಆಗುವುದಿಲ್ಲ. ಬರವಣಿಗೆ ಚೆನ್ನಾಗಿದೆ, ಭಾಷೆ ಎಲ್ಲೂ ತೊಡರುವುದಿಲ್ಲ, ವಿಷಯದ ಆಯ್ಕೆಯೂ ಒಳ್ಳೆಯದು. ಆದರೆ ಆ ಮುಖ್ಯ ವಾಕ್ಯ ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಇಡೀ ಸಾಧನೆಯಲ್ಲಿ ಅತ್ಯಂತ ಚೆಂದದ ಜಾಗ ಯಾವುದೋ ಅದನ್ನೇ ಅದು ತಲೆಕೆಳಗು ಮಾಡಿಬಿಟ್ಟಿದೆ.

ನಾನು ಈ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯ ಸಂಪಾದಕರೊಬ್ಬರು ಗಣಿತದ ಲೇಖನ ಬಂದರೆ ಮೊದಲು ಪೆನ್ಸಿಲ್ ಹಿಡಿದು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯುತ್ತಿದ್ದರು. ಆಮೇಲೆ ಹಾಳೆಯನ್ನು ನನ್ನ ಕಡೆ ತಳ್ಳಿ, “ಇದನ್ನು ಮಾಡೋರು ಯಾರು, ಪಕ್ಕದಲ್ಲಿ ಬರಿ” ಅನ್ನುತ್ತಿದ್ದರು. ನಿಮ್ಮ ವಾಕ್ಯಕ್ಕೂ ನಾನು ಅದನ್ನೇ ಮಾಡಿದೆ.

“B ಯಂತ್ರ M ಅನ್ನು ಓಡಿಸುತ್ತದೆ.” ಇಲ್ಲ, ಓಡಿಸುವುದಿಲ್ಲ. ಎಲ್‌ಬಿಎಯ ಹೆಡ್ ತನಗೆ ಕೊಟ್ಟ ಸ್ಟ್ರಿಂಗಿನ ಆಚೆ ಹೋಗುವಂತಿಲ್ಲ. M ಪೂರ್ತಿ ಟ್ಯೂರಿಂಗ್ ಯಂತ್ರ, ಅದಕ್ಕೆ ಎಷ್ಟು ಟೇಪು ಬೇಕಾದೀತು ಅಂತ ಮೊದಲೇ ಯಾರಿಗೂ ಗೊತ್ತಿಲ್ಲ. w ಇರುವಷ್ಟೇ ಜಾಗದಲ್ಲಿ M ಅನ್ನು ಓಡಿಸೋದು ಹೇಗೆ? ಹಾಗಾಗಿಯೇ ಇಲ್ಲಿ ಓಡಿಸುವ ಮಾತೇ ಇಲ್ಲ. B ಕೈಗೆ ಬರುವುದು w ಅಲ್ಲ, ಬೇರೆ ಯಾವುದೋ ಸ್ಟ್ರಿಂಗ್ x. ಆ x, “w ಮೇಲೆ M ಓಡಿ ಒಪ್ಪಿಕೊಂಡ ಪೂರ್ತಿ ಇತಿಹಾಸ ನಾನು” ಅಂತ ಹೇಳಿಕೊಳ್ಳುತ್ತದೆ: ಮೊದಲ ಹಂತದ ಟೇಪು, ಆಮೇಲೆ #, ಎರಡನೇ ಹಂತದ ಟೇಪು, ಮತ್ತೆ #, ಹೀಗೆ ಕೊನೆಯವರೆಗೆ. M ಮತ್ತು w ಎರಡೂ B ಒಳಗೇ, ಅದರ ಸ್ಥಿತಿಗಳಲ್ಲೇ ಅಡಗಿವೆ. B ಮಾಡುವುದು ತನಿಖೆ ಮಾತ್ರ. ಮೊದಲ ತುಂಡು ಸರಿಯಾದ ಆರಂಭವೇ, ಪ್ರತಿ ತುಂಡೂ ಹಿಂದಿನದರಿಂದ M ನಿಯಮದಂತೆ ಹುಟ್ಟಿದೆಯೇ, ಕೊನೆಯದರಲ್ಲಿ ಒಪ್ಪುವ ಸ್ಥಿತಿ ಇದೆಯೇ. ಅಕ್ಷರದ ಮೇಲೊಂದು ಚುಕ್ಕೆ ಇಟ್ಟು, ಮುಂದಿನ ತುಂಡಿನ ಅದೇ ಸ್ಥಾನಕ್ಕೆ ಹೋಗಿ ಹೋಲಿಸಿ, ಅಲ್ಲೂ ಚುಕ್ಕೆ ಇಟ್ಟು, ವಾಪಸ್ ಬಂದರೆ ಸಾಕು. ಚುಕ್ಕೆಯ ಅಕ್ಷರ ಅದೇ ಮನೆಯಲ್ಲಿ ಕೂರುತ್ತದೆ, ಹೆಚ್ಚು ಜಾಗ ಬೇಡ. M ಗೆ ಎಷ್ಟೇ ಟೇಪು ಬೇಕಾಗಿರಲಿ, ಅದೆಲ್ಲ x ಒಳಗೇ ಬರೆದಿರುತ್ತದಲ್ವಾ? x ಎಷ್ಟು ಉದ್ದವೋ B ಟೇಪು ಅಷ್ಟು ಉದ್ದ. ಇಷ್ಟು ಬಡ ಯಂತ್ರ ಅಷ್ಟು ದೊಡ್ಡ ಯಂತ್ರದ ಲೆಕ್ಕ ನೋಡಬಲ್ಲದು ಅನ್ನುವುದರ ಗುಟ್ಟು ಇದೇ. ನಿಮ್ಮ ಲೇಖನದಲ್ಲಿ ಅದು ಒಂದು ಸಾಲೂ ಇಲ್ಲ.

“M ನಿಲ್ಲದಿದ್ದರೆ B ಕೂಡ ನಿಲ್ಲುವುದಿಲ್ಲ.” ಇದು ಇನ್ನೂ ಕಷ್ಟದ್ದು. B ಯಾವ ಸ್ಟ್ರಿಂಗ್ ಕೊಟ್ಟರೂ ನಿಲ್ಲುತ್ತದೆ. ಆ ತುದಿಯಿಂದ ಈ ತುದಿಗೆ ಓಡಾಡಿ ಹೌದು ಅಥವಾ ಇಲ್ಲ ಅನ್ನುತ್ತದೆ, ಅಷ್ಟೇ. ಅದಿರಲಿ, ಸುತ್ತುತ್ತಲೇ ಇರುವ ಎಲ್‌ಬಿಎ ಆದರೂ ನಾವು ಹಿಡಿದುಬಿಡಬಹುದು. ಸ್ಥಿತಿಗಳು q, ಮನೆಗಳು n, ಅಕ್ಷರಗಳು g ಇದ್ದರೆ ಅದು ಇರಬಹುದಾದ ಭಂಗಿಗಳು ಒಟ್ಟು q·n·gⁿ. 5 ಸ್ಥಿತಿ, 10 ಮನೆ, 2 ಅಕ್ಷರ ಅಂದರೆ 51,200. ಅಷ್ಟು ಹೆಜ್ಜೆ ಆದಮೇಲೂ ನಿಲ್ಲದಿದ್ದರೆ ಯಾವುದೋ ಭಂಗಿ ಎರಡನೇ ಸಲ ಬಂದಿದೆ, ಇನ್ನು ನಿಲ್ಲುವುದಿಲ್ಲ. ಹಾಗಾಗಿ “ಈ ಎಲ್‌ಬಿಎ ಈ ಸ್ಟ್ರಿಂಗನ್ನು ಒಪ್ಪುತ್ತದೆಯೇ” ಎಂಬ ಪ್ರಶ್ನೆಗೆ ಅಲ್ಗಾರಿದಮ್ ಇದ್ದೇ ಇದೆ. ನಿಮ್ಮ ವಾಕ್ಯ ನಂಬಿದ ಓದುಗ ಅದೂ ಇಲ್ಲ ಅಂದುಕೊಳ್ಳುತ್ತಾನೆ.

ಹಾಗಾದರೆ ತೊಡಕು ಎಲ್ಲಿದೆ? ಹುಡುಕಾಟದಲ್ಲಿದೆ. M ಪ್ರತಿ ಹೆಜ್ಜೆಯಲ್ಲೂ ಒಂದೇ ದಾರಿ ಹಿಡಿಯುವ ಯಂತ್ರವಾದರೆ B ಒಪ್ಪುವ ಸ್ಟ್ರಿಂಗ್ ಒಂದೋ ಒಂದೇ ಒಂದು, ಇಲ್ಲವೇ ಒಂದೂ ಇಲ್ಲ. M ಒಪ್ಪಿದರೆ ಆ ಓಟದ ಇತಿಹಾಸವೇ ಆ ಒಂದು. M ತಿರಸ್ಕರಿಸಿದರೆ ಅಥವಾ ನಿಲ್ಲದೇ ಹೋದರೆ ಒಂದೂ ಇಲ್ಲ, ಯಾಕೆಂದರೆ ಇತಿಹಾಸಕ್ಕೆ ಒಂದು ಕೊನೆ ಇರಲೇಬೇಕು. ಚಿಕ್ಕ ಸ್ಟ್ರಿಂಗಿನಿಂದ ಶುರುಮಾಡಿ ಒಂದೊಂದನ್ನೇ B ಮುಂದೆ ಇಡುತ್ತಾ ಹೋಗಿ, ಪ್ರತಿಯೊಂದಕ್ಕೂ ಉತ್ತರ ಸಿಗುತ್ತದೆ. ಆದರೆ “ಇನ್ನು ಸಾಕು” ಅಂತ ಎಲ್ಲಿ ಕೈಬಿಡಬೇಕು ಅಂತ ಹೇಳುವ ಉದ್ದದ ಮಿತಿಯೇ ಇಲ್ಲ. ಈಗ D ಎಂಬ ಅಲ್ಗಾರಿದಮ್ ಯಾವುದೇ ಎಲ್‌ಬಿಎ ವಿವರಣೆ ನೋಡಿ “ಖಾಲಿ, ಯಾವ ಸ್ಟ್ರಿಂಗನ್ನೂ ಒಪ್ಪದು” ಅಥವಾ “ಖಾಲಿ ಅಲ್ಲ” ಅನ್ನಬಲ್ಲದು ಅಂತಿಟ್ಟುಕೊಳ್ಳಿ. M, w ಕೊಟ್ಟರೆ B ಅನ್ನು ಕಟ್ಟಿ D ಕೈಗೆ ಕೊಟ್ಟರಾಯಿತು. ಖಾಲಿ ಅಲ್ಲ ಅಂದರೆ M ಒಪ್ಪುತ್ತದೆ, ಖಾಲಿ ಅಂದರೆ ಒಪ್ಪುವುದಿಲ್ಲ. ಟ್ಯೂರಿಂಗ್ ಯಂತ್ರ ಒಪ್ಪುತ್ತದೋ ಇಲ್ಲವೋ ಅಂತ ಹೀಗೆ ತೀರ್ಮಾನಿಸಲು ಆಗದು ಅಂತ ಗೊತ್ತೇ ಇದೆ, ಆದ್ದರಿಂದ D ಇರಲಾರದು. ಗಮನಿಸಿ, ಇಷ್ಟರಲ್ಲಿ B ಅನ್ನು ಯಾರೂ ಒಂದು ಸಲವೂ ಓಡಿಸಲಿಲ್ಲ. ಕಟ್ಟಿದರು, ವಿವರಣೆ ಕೊಟ್ಟರು.

ಇನ್ನು ಉದಾಹರಣೆ. w = 11, ಆರಂಭದ ಸ್ಥಿತಿ p, ಒಪ್ಪುವ ಸ್ಥಿತಿ y, ಖಾಲಿ ಮನೆಗೆ `_`. ಇಲ್ಲಿ x ಅಂದರೆ ಟೇಪಿನ ಮೇಲೆ ಬರೆಯುವ ಒಂದು ಅಕ್ಷರ, ಮೇಲೆ ಹೇಳಿದ ಸ್ಟ್ರಿಂಗ್ x ಅಲ್ಲ. ಮೊದಲ ನಿಯಮವನ್ನು ಹೀಗೆ ಓದಬೇಕು: p ಸ್ಥಿತಿಯಲ್ಲಿ 1 ಕಂಡರೆ x ಬರೆದು, ಬಲಕ್ಕೆ ಸರಿದು, p ಯಲ್ಲೇ ಇರು. L ಅಂದರೆ ಎಡಕ್ಕೆ. ನಿಮ್ಮ ಎರಡು ನಿಯಮ ಮತ್ತು ನೀವು ಬರೆದ ಇತಿಹಾಸ:

```
p,1 -> x,R,p
p,_ -> _,L,y

#p11#xp1#xxp_#xxy_#
```

ನಮ್ಮ ಹಿರಿಯರು ಇಂಥದ್ದು ಬಂದರೆ ಮೇಲೊಂದು ಪೋಸ್ಟ್‌ಕಾರ್ಡ್ ಇಟ್ಟು ಎರಡೇ ತುಂಡು ಕಾಣುವ ಹಾಗೆ ಸರಿಸುತ್ತಾ ಓದಿಸುತ್ತಿದ್ದರು. B ಮಾಡುವುದೂ ಅದನ್ನೇ, ನಾನೂ ಅದನ್ನೇ ಮಾಡಿದೆ. `p11` ಇಂದ `xp1`: ಸರಿ. `xp1` ಇಂದ `xxp_`: ಇದೂ ಸರಿ, ಹೆಡ್ ಬಲತುದಿ ದಾಟಿದಾಗ ಒಂದು ಖಾಲಿ ಮನೆ ಸೇರಿಸಬೇಕು ಅನ್ನೋದನ್ನು ನೀವು ಮರೆತಿಲ್ಲ, ತುಂಬಾ ಜನ ಮರೆಯುತ್ತಾರೆ. `xxp_` ಇಂದ `xxy_`: ತಪ್ಪು. ಸ್ಥಿತಿಯ ಅಕ್ಷರ ಯಾವುದರ ಎಡಕ್ಕಿದೆಯೋ ಅದರ ಮೇಲೆ ಹೆಡ್ ಇದೆ ಅಂತ ಅರ್ಥ. ನೀವು ಬರೆದಂತೆ ಹೆಡ್ ಇನ್ನೂ ಖಾಲಿ ಮನೆಯ ಮೇಲೇ ಇದೆ, ಕದಲೇ ಇಲ್ಲ. ನಿಯಮ L ಅನ್ನುತ್ತದೆ, ಹಾಗಾಗಿ ಅದು ಎರಡನೇ x ಮೇಲೆ ಬರಬೇಕು. `xp_` ಇದ್ದ ಕಡೆ `yx_` ಆಗಬೇಕು, ಕೊನೆಯ ತುಂಡು `xyx_`. ಬದಲಾಗುವುದು ಹೆಡ್ ಅಕ್ಕಪಕ್ಕದ ಈ ಮೂರು ಅಕ್ಷರ ಮಾತ್ರ, ಉಳಿದದ್ದು ಇದ್ದಹಾಗೇ ನಕಲಾಗುತ್ತದೆ. ಹಾಗಿರುವುದರಿಂದಲೇ B ಕೆಲಸ ಅಷ್ಟು ಸುಲಭ.

ಅಂದರೆ ನಿಮ್ಮ ಉದಾಹರಣೆಯನ್ನು ನಿಮ್ಮದೇ B ತಿರಸ್ಕರಿಸುತ್ತದೆ. ಮುದ್ರಣದೋಷ ಅಂತ ಸುಮ್ನೆ ತಿದ್ದಿ ಹಾಕಲು ನನಗೆ ಮನಸ್ಸಿಲ್ಲ. ಈ ಸಾಧನೆ ನಿಂತಿರುವುದೇ ಇಂಥ ಒಂದು ಅಕ್ಷರದ ವ್ಯತ್ಯಾಸ ಸಿಕ್ಕಿಬೀಳುತ್ತದೆ ಅನ್ನುವುದರ ಮೇಲೆ. ಸರಿಯಾದ ಸ್ಟ್ರಿಂಗ್ ಪಕ್ಕದಲ್ಲಿ ಈ ತಪ್ಪಿನದನ್ನೂ ಇಟ್ಟು, B ಯಾವ ಮನೆಯಲ್ಲಿ ಹಿಡಿಯುತ್ತದೆ ಅಂತ ಬರೆಯಿರಿ.

ಮೈಹಿಲ್ 1960, ಕುರೋಡ 1964 ಅಂತ ಬರೆದಿರುವ ಪುಟ ಹಾಗೇ ಇರಲಿ, ಅದನ್ನು ಮುಟ್ಟಬೇಡಿ. ನಡುವಿನ ಎರಡು ಪುಟ ಹೊಸದಾಗಿ ಬರೆದು ಕಳಿಸಿ. ಜೊತೆಗೆ ಎರಡನೇ ನಿಯಮವನ್ನು `p,_ -> _,R,p` ಅಂತ ಬದಲಿಸಿ ಇನ್ನೊಂದು ಉದಾಹರಣೆ ಸೇರಿಸಿ. ಆಗ M ಬಲಕ್ಕೆ ಹೋಗುತ್ತಲೇ ಇರುತ್ತದೆ, ನಿಲ್ಲುವುದಿಲ್ಲ. ಅದಕ್ಕೆ ಕಟ್ಟಿದ B ಮುಂದೆ `#p11#xp1#xxp_#xx_p_#` ಇಟ್ಟರೆ ಪ್ರತಿ ಹೆಜ್ಜೆಯೂ ಸರಿ ಅಂತ ನೋಡಿಕೊಂಡು, ಕೊನೆಯ ತುಂಡಿನಲ್ಲಿ y ಇಲ್ಲ ಅಂತ ತಿರಸ್ಕರಿಸಿ, ನಿಲ್ಲುತ್ತದೆ. ಇನ್ನೊಂದು ತುಂಡು ಸೇರಿಸಿದರೂ ಅದೇ ಉತ್ತರ.